ಮೂರನೇ ಮನೆ ಖಾಲಿ

ಇಪ್ಪತ್ತು ವರ್ಷ ಬಾಡಿಗೆಯ ಒಂದೇ ಕೋಣೆಯಲ್ಲಿ ಬದುಕಿದ ಹೆಂಗಸಿಗೆ ಆಸ್ಪತ್ರೆಯಲ್ಲಿ ‘ಐದ್ಮನೆ ಮೇಡಂ’ ಎಂದು ಹೆಸರು. ಇಟ್ಟವಳು ಎರಡನೇ ಮಹಡಿಯ ಆಯಾ. ಮಕ್ಕಳ ಮನಸ್ಸಿನ ವಿಭಾಗಕ್ಕೆ ಯಾವ ಮಗು ಬಂದರೂ ಮೇಡಂ ಹಳೆಯ ಎಕ್ಸ್‌ರೇ ಕವರೊಂದನ್ನು ಸೀಳಿ, ಒಳಮೈ ಮೇಲೆ ಮಾಡಿ, ಸ್ಕೇಲು ಹಿಡಿದು ಐದು ಮನೆ ಗೀಚುತ್ತಿದ್ದರು. ಆಸ್ಪತ್ರೆ ಅವರಿಗೆ ಬಿಳಿ ಕಾಗದ ಕೊಡುತ್ತಿರಲಿಲ್ಲ. ಗುತ್ತಿಗೆ ನೌಕರರಿಗೆ ಕಾಗದ ಕೊಡುವ ಅಂಕಣ ಉಗ್ರಾಣದ ಪುಸ್ತಕದಲ್ಲಿಲ್ಲ ಎಂಬುದು ಉಗ್ರಾಣದವನ ವಾದ. ಇದಕ್ಕೊಂದು ಧರಣಿ ಕೂತು, ಬಿಸಿಲು ಕುಡಿದು, ಎದ್ದು ಬಂದಿದ್ದರು. ಕಾಗದ ಬರಲಿಲ್ಲ. ಎಕ್ಸ್‌ರೇ ಕವರಿಗೆ ಬರವಿರಲಿಲ್ಲ.

ಐದು ಮನೆಯ ಲೆಕ್ಕ ಅವರದೇನಲ್ಲ, ಮನಶ್ಶಾಸ್ತ್ರ ಓದಿದವರೆಲ್ಲ ಕಲಿಯುವುದೇ. ಇಂಗ್ಲಿಷಿನಲ್ಲಿ ಐದೂ ಪಿ ಅಕ್ಷರದಿಂದ ಶುರುವಾಗುವುದರಿಂದ ಫೈವ್ ಪಿ ಅನ್ನುತ್ತಾರೆ. ಪರೀಕ್ಷೆ ಬರೆಯುವವರಿಗೆ ಅದು ಅನುಕೂಲ, ಮಗುವನ್ನು ಎಳೆದುಕೊಂಡು ಬರುವ ತಾಯಂದಿರಿಗೆ ಪಿ ಕಟ್ಟಿಕೊಂಡು ಏನಾಗಬೇಕು? ಮೇಡಂ ತಮ್ಮದೇ ಮಾತಿನಲ್ಲಿ ಕೇಳುತ್ತಿದ್ದರು. ಈಗ ಏನು ತೊಂದರೆ, ಅದು ಮೊದಲ ಮನೆ. ಮಗುವಿನ ನೆಲ ಹೇಗಿತ್ತು, ಹೆರಿಗೆ, ಕಾಯಿಲೆ, ಸ್ವಭಾವ, ರಕ್ತದಲ್ಲಿ ಬಂದದ್ದು, ಅದು ಎರಡನೆಯದು. ಕಿಡಿ ಯಾವುದು, ಇಷ್ಟು ದಿನ ಇಲ್ಲದ್ದು ಆಗಲೇ ಯಾಕೆ ಹತ್ತಿಕೊಂಡಿತು, ಅದು ಮೂರನೆಯದು. ಉರಿ ಆರದ ಹಾಗೆ ಸೌದೆ ಒಟ್ಟುತ್ತಿರುವುದು ಯಾರು, ಏನು, ನಾಲ್ಕನೆಯದು. ಇಷ್ಟಾದರೂ ಮಗು ನಿಂತಿದೆಯಲ್ಲ, ಯಾವ ಆಸರೆ ಹಿಡಿದು, ಐದನೆಯದು. ಮನೆಗಳನ್ನು ತುಂಬಿ ಕೈ ಒರೆಸಿಕೊಳ್ಳುವವನು ಗುಮಾಸ್ತ ಎಂದು ಹೊಸಬರಿಗೆ ಬಯ್ಯುತ್ತಿದ್ದರು. ಮನೆಯಿಂದ ಮನೆಗೆ ಗೆರೆ ಎಳೆದು, ಇದರಿಂದ ಇದಾಗಿರಬಹುದು ಎಂದು ಕತೆ ಕೂಡಿಸಬೇಕು. ‘ಇರಬಹುದು’ ಅನ್ನುವುದು ಬಿಟ್ಟುಹೋದರೆ ಅದು ತೀರ್ಪು, ತೀರ್ಪು ಕೊಡಲು ಬೇರೆ ಕಟ್ಟಡವಿದೆ.

ಇಷ್ಟೆಲ್ಲ ಬೇರೆಯವರಿಗೆ ಹೇಳುತ್ತಿದ್ದ ಮೇಡಂ ಒಂಬತ್ತು ವರ್ಷದ ಹುಡುಗಿಯೊಬ್ಬಳ ವಿಷಯದಲ್ಲಿ ತಾವೇ ಎಡವಿದರು.

ಹುಡುಗಿಗೆ ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ಚೂರಿ. ಪಕ್ಕದ ಬೆಂಚಿನವಳ ಅಂಗೈಗೆ ಪೆನ್ಸಿಲ್ ಇರಿದು ಮುರಿದಿದ್ದಳು. ಹೊಡೆಯುವುದು, ಕಚ್ಚುವುದು, ಪುಸ್ತಕ ಹರಿಯುವುದು, ಕೇಳಿದರೆ ಸುಳ್ಳು. ಹೆಡ್ ಮಾಸ್ತರರ ಪತ್ರದಲ್ಲಿ ಹತ್ತು ದೂರುಗಳಿದ್ದವು, ಕೊನೆಯಲ್ಲಿ ‘ಎರಡು ತಿಂಗಳಿಂದ’ ಎಂದಿತ್ತು. ತಾಯಿ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸದವಳು, ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅವಳೂ ತನ್ನ ದೂರು ಸೇರಿಸಿದಳು.

“ಹೊಟ್ಟೆನೋವು ಅಂತ ನಾಟಕ ಮಾಡ್ತಾಳೆ ಮೇಡಂ. ರಾತ್ರಿ ಮಲಗೋಕೆ ಬಿಡಲ್ಲ. ಎರಡು ಸಲ, ಮೂರು ಸಲ ಎದ್ದು ನನ್ನ ಮೂಗು ಹಿಡೀತಾಳೆ. ಕೈ ಕೊಡವಿದ್ರೆ ಅಳ್ತಾಳೆ.”

ಮೇಡಂ ಇದನ್ನೆಲ್ಲ ಮೊದಲ ಮನೆಯಲ್ಲಿ, ತುಂಟತನದ ಸಾಲಿನಲ್ಲಿ ಬರೆದುಕೊಂಡರು. ಹೊರಗೆ ಮೂವತ್ತು ಚೀಟಿ ಕಾಯುತ್ತಿದ್ದವು. ಹುಡುಗಿ ಎಂಟು ತಿಂಗಳಿಗೇ ಹುಟ್ಟಿದ್ದು, ಹೊಸಬರನ್ನು ಕಂಡರೆ ಮೊದಲಿಂದಲೂ ಅಂಜುವುದು, ಓದುವುದರಲ್ಲಿ ತಡವರಿಸುವುದು, ಬಾಣಂತನದ ಮೇಲೆ ತಾಯಿ ಆರು ತಿಂಗಳು ಮಂಕಾಗಿದ್ದುದು, ಇವು ಎರಡನೇ ಮನೆಗೆ ಹೋದವು. ಎರಡು ತಿಂಗಳ ಹಿಂದೆ ಏನಾಯಿತು ಎಂದು ಕೇಳಿದಾಗ ಲಾರಿ ಓಡಿಸುವ ಅಪ್ಪ ದೂರದ ಊರಿನ ಕೆಲಸ ಹಿಡಿದು ಹೋದ ಎಂಬ ಉತ್ತರ ಬಂತು. ದಿನ ಹೊಂದಿತು, ಕತೆಯೂ ಹೊಂದಿತು. ಕಿಡಿ ಸಿಕ್ಕಿತು ಎಂದು ಮೂರನೇ ಮನೆ ತುಂಬಿದರು. ಶಾಲೆಯವರು ವಾರದೊಳಗೆ ವರದಿ ಕೇಳಿದ್ದರು. ಮೇಡಂ ಟೈಪು ಮಾಡಿಸಿ, ತಾಯಿಗೆ ಓದಿ ಹೇಳದೆ, ಕಳಿಸಿಬಿಟ್ಟರು.

ಮುಂದಿನ ಸೋಮವಾರ ತಾಯಿ ಚೀಟಿ ಮಾಡಿಸದೆ ನೇರ ಒಳಗೆ ಬಂದಳು. ಆಯಾ ತಡೆದಳು, ತಳ್ಳಿಸಿಕೊಂಡಳು.

“ನೀವೇ ಬರ್ದುಕೊಟ್ರಂತಲ್ಲ,” ಎಂದು ಕಾಗದವೊಂದನ್ನು ಮೇಜಿನ ಮೇಲೆ ಹಾಕಿದಳು.

ಶಾಲೆಯ ಪತ್ರ. ಆಸ್ಪತ್ರೆಯ ವರದಿಯ ಪ್ರಕಾರವೇ ತಂದೆ ಬಿಟ್ಟುಹೋದ ಮನೆ, ತಾಯಿಗೆ ದಿನವಿಡೀ ದುಡಿಮೆ, ಮಗುವಿನ ಮೇಲೆ ಹಿಡಿತವಿಲ್ಲ, ಆದ್ದರಿಂದ ದೂರದ ವಸತಿ ಶಾಲೆಗೆ ಸೇರಿಸುವ ಬಗ್ಗೆ ಗುರುವಾರ ಸಮಿತಿ ತೀರ್ಮಾನಿಸುತ್ತದೆ ಎಂದಿತ್ತು.

“ಮಗೂನ ಸರಿ ಮಾಡ್ಕೊಡಿ ಅಂತ ಬಂದಿದ್ದೆ ಮೇಡಂ, ಕಿತ್ಕೊಂಡು ಹೋಗಿ ಅಂತ ಅಲ್ಲ. ಅಪ್ಪ ಇಲ್ದಿರೋ ಮಕ್ಕಳೆಲ್ಲ ಚುಚ್ಚೋ ಹಾಗಿದ್ರೆ ನಮ್ಮ ವಠಾರದಲ್ಲಿ ಒಬ್ಬರ ಕಣ್ಣೂ ಉಳೀತಿರ್ಲಿಲ್ಲ.”

ಬಡವರ ಮನೆಯ ವಿಷಯದಲ್ಲಿ ಕಾಗದ ಹೀಗೆಯೇ ನಡೆಯುತ್ತದೆ. ಔಷಧಿಯೆಂದು ಬರೆದದ್ದು ಮೆಟ್ಟಿಲಿಳಿದು ಬೀದಿ ದಾಟುವಷ್ಟರಲ್ಲಿ ವಾರಂಟ್ ಆಗಿರುತ್ತದೆ. ಮೇಡಂಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಕಳಿಸಿದ್ದರು. ಕ್ಷಮಿಸು ಎಂದು ಹೇಳಿ ಕೂರಲು ಪುರುಸೊತ್ತಿರಲಿಲ್ಲ, ಮೂರು ದಿನವಿತ್ತು.

ಮಂಗಳವಾರ ಶಾಲೆಗೆ ಹೋದರು. ತರಗತಿಯ ಟೀಚರ್ ಸಣ್ಣ ಮೈಯವರು, ಐವತ್ತೆಂಟು ಮಕ್ಕಳನ್ನು ಒಂದೇ ಗಂಟಲಿನಲ್ಲಿ ಸಾಕುತ್ತಿದ್ದರು. ಹಾಜರಿ ಪುಸ್ತಕ ಕೇಳಿದ್ದಕ್ಕೆ ಕೊಟ್ಟರು.

“ನೋಡಿ. ಸೋಮವಾರ ಹೊಡೆದ್ಲು, ಮನೆಗೆ ಕಳಿಸ್ದೆ. ಗುರುವಾರ ಕಚ್ಚಿದ್ಲು, ಮನೆಗೆ ಕಳಿಸ್ದೆ. ಇನ್ನೇನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?”

“ಮನೆಗೆ ಅಂದ್ರೆ? ಅಮ್ಮ ಕೆಲಸದಲ್ಲಿರ್ತಾಳಲ್ಲ.”

“ಅವರ ಮನೆ ಪಕ್ಕದ ಬಟನ್ ಅಂಗಡಿ ಅಜ್ಜಿ ಬಂದು ಕರ್ಕೊಂಡು ಹೋಗ್ತಾರೆ. ಫ್ಯಾಕ್ಟರಿ ಗೇಟಿನ ತನಕ ಹೋಗಿ ದೂರದಿಂದ್ಲೇ ಅಮ್ಮನ್ನ ನೋಡ್ಕೊಂಡು ಬರ್ತಾಳಂತೆ. ಆಮೇಲೆ ಹಸು ಥರ ಅಂತೆ.”

ಹನ್ನೊಂದು ಸಲ ಹೊಡೆತ, ಹನ್ನೊಂದು ಸಲ ಮನೆಗೆ. ಮೇಡಂ ಪುಟ ಹಿಂದೆ ತಿರುಗಿಸಿದರು. ಎರಡು ತಿಂಗಳಿಗೆ ನಿಲ್ಲಲಿಲ್ಲ. ಮೂರು ತಿಂಗಳ ಹಿಂದಿನ ಪುಟದಲ್ಲಿ ಹುಡುಗಿಯ ಹೆಸರಿನ ಮುಂದೆ ‘ಹೊಟ್ಟೆನೋವು’. ನಾಲ್ಕರಲ್ಲಿ ‘ಹೊಟ್ಟೆನೋವು’, ‘ತಲೆನೋವು’. ಐದು ತಿಂಗಳ ಹಿಂದಿನ ಒಂದು ಸೋಮವಾರದಿಂದ ಒಂದೇ ಸಮನೆ ನಾಲ್ಕು ದಿನ ಗೈರುಹಾಜರಿ. ಅದಕ್ಕೆ ಮೊದಲು ವರ್ಷವಿಡೀ ಒಂದೇ ಒಂದು ದಿನ ತಪ್ಪಿಸಿರಲಿಲ್ಲ.

ಅಪ್ಪ ಹೋದದ್ದು ಎರಡು ತಿಂಗಳ ಹಿಂದೆ. ಮಗು ಶಾಲೆ ತಪ್ಪಿಸಲು ಶುರು ಮಾಡಿದ್ದು ಐದು ತಿಂಗಳ ಹಿಂದೆ. ಕಿಡಿಗಿಂತ ಮೊದಲೇ ಹೊಗೆ ಎದ್ದಿತ್ತು. ಶಾಲೆಯವರ ಪಾಲಿಗೆ ತೊಂದರೆ ಶುರುವಾಗುವುದು ಯಾರಾದರೂ ಪೆಟ್ಟು ತಿಂದ ದಿನ. ಹೆದರಿಕೊಂಡು ಮೂಲೆಯಲ್ಲಿ ಕೂತ ಮಗು ಯಾರಿಗೂ ತೊಂದರೆಯಲ್ಲ, ಅದಕ್ಕೆ ಪತ್ರ ಬರೆಯುವವರಿಲ್ಲ. ಮೇಡಂ ಪತ್ರದ ತಾರೀಖನ್ನೇ ಮಗುವಿನ ತಾರೀಖು ಮಾಡಿಕೊಂಡಿದ್ದರು. ಮೊದಲ ಮನೆಯಲ್ಲಿ ಹೊಡೆತ ಬಡಿತ ಮಾತ್ರ ಕಂಡಿತ್ತು. ಅದರ ಪಕ್ಕದಲ್ಲೇ ಅಂಜಿಕೆ ಕೂತಿತ್ತು, ಅದೂ ಹಳೆಯದು.

ಬುಧವಾರ ಬೆಳಗ್ಗೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡರು. ಮೊದಲ ಸಲ ಬಂದಾಗ ಬಾಯಿ ಬಿಟ್ಟಿರಲಿಲ್ಲ. ಈ ಸಲ ಮೇಡಂ ಪ್ರಶ್ನೆ ಕೇಳಲಿಲ್ಲ, ಕ್ರೇಯಾನ್ ಕೊಟ್ಟು ತಮ್ಮ ಪಾಡಿಗೆ ಬೆಕ್ಕೊಂದನ್ನು ಬರೆಯತೊಡಗಿದರು.

“ಇದು ಬೆಕ್ಕಾ?” ಎಂದಳು ಹುಡುಗಿ.

“ಬೆಕ್ಕೇ.”

“ಹಂದಿ ಥರ ಇದೆ.”

“ಹೌದು, ನಂಗೆ ಬರಲ್ಲ. ನೀನು ಮಲಗಿರೋ ಬೆಕ್ಕು ಬರೀ.”

ಬರೆದಳು. ಬೆಕ್ಕಿನ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಗೆರೆ ಎಳೆದಳು. ಅದೇನು ಎಂದದ್ದಕ್ಕೆ, “ಉಸಿರು,” ಎಂದಳು. “ಹೊಟ್ಟೆ ಮೇಲೆ ಕೆಳಗೆ ಆಗ್ಬೇಕು. ಆಗದಿದ್ರೆ ಮೂಗಿನ ಹತ್ರ ಕೈ ಇಟ್ಟು ನೋಡ್ಬೇಕು. ಬಿಸಿ ಬಂದ್ರೆ ಇದೆ ಅಂತ.”

“ಯಾರಿಗಾದ್ರೂ ಇಟ್ಟು ನೋಡಿದೀಯಾ?”

ಹುಡುಗಿ ಬಾಗಿಲ ಕಡೆ ನೋಡಿದಳು. ಮೇಡಂ ಒತ್ತಲಿಲ್ಲ. ಮೂಗು ಹಿಡಿಯುವ ತುಂಟತನವನ್ನು ತಾವು ಯಾವ ಸಾಲಿನಲ್ಲಿ ಬರೆದಿದ್ದೆವೆಂಬುದು ಅವರ ಕಣ್ಣೆದುರೇ ಇತ್ತು.

ಹುಡುಗಿಯನ್ನು ಆಯಾ ಜೊತೆ ಕಳಿಸಿ ತಾಯಿಯನ್ನು ಕರೆದರು.

“ಐದು ತಿಂಗಳ ಹಿಂದೆ ನಾಲ್ಕು ದಿನ ಶಾಲೆಗೆ ಹೋಗಿಲ್ಲ ಪುಟ್ಟಿ. ಅದಕ್ಕೆ ಹಿಂದಿನ ಶನಿವಾರ, ಭಾನುವಾರ ಏನಾಯ್ತಮ್ಮ?”

“ನಂಗೆ ಊಟ ವಿಷ ಆಗಿತ್ತು. ನರ್ಸಿಂಗ್ ಹೋಮಲ್ಲಿದ್ದೆ.”

“ಊಟ ವಿಷ ಆಯ್ತಾ, ನೀನೇ ಏನಾದ್ರೂ ತಗೊಂಡ್ಯಾ?”

ತಾಯಿ ಸೀರೆಯ ಅಂಚಿನ ದಾರ ಎಳೆದಳು. ದಾರ ಕಿತ್ತು ಬಂತು.

“ಮಾತ್ರೆ. ಸೂಪರ್‌ವೈಸರ್ ಎಲ್ಲರ ಮುಂದೆ ಬಯ್ದಿದ್ದ. ಮನೇಲಿ ಇವಳ ಅಪ್ಪಂದು ಜಗಳ. ಸಾಕಾಗಿತ್ತು, ಅಷ್ಟೇ. ಶನಿವಾರ ಶಾಲೆ ಬೇಗ ಬಿಡುತ್ತೆ ಅನ್ನೋದು ಮರ್ತೇಹೋಗಿತ್ತು. ಇವಳು ಬಂದು ಎಬ್ಬಿಸಿದಾಳೆ, ಎದ್ದಿಲ್ಲ. ಬಟನ್ ಅಂಗಡಿ ಅಜ್ಜೀನ ಕರ್ಕೊಂಡು ಬಂದವಳು ಇವಳೇ.”

“ಮಗೂಗೆ ಏನು ಹೇಳ್ದೆ?”

“ಯಾರತ್ರಾನೂ ಬಾಯಿ ಬಿಡ್ಬೇಡ, ಬಿಟ್ರೆ ಅಮ್ಮನ್ನ ಪೊಲೀಸ್ ಹಿಡ್ಕೊಂಡು ಹೋಗ್ತಾರೆ ಅಂತ.” ಆಮೇಲೆ, “ಈ ಮಾತ್ರೆ ವಿಷಯದ ಜಗಳದಲ್ಲೇ ಇವಳ ಅಪ್ಪ ಬಿಟ್ಟು ಹೋಗಿದ್ದು,” ಎಂದಳು.

ಐದು ತಿಂಗಳಿಂದ ಒಂಬತ್ತು ವರ್ಷದ ಮಗು ತಾಯಿಯನ್ನು ಕಾವಲು ಕಾಯುತ್ತಿತ್ತು. ರಾತ್ರಿ ಮೂಗಿನ ಬಳಿ ಕೈ. ಹಗಲು ಶಾಲೆಯಲ್ಲಿ ಅಮ್ಮ ಇದ್ದಾಳೋ ಇಲ್ಲವೋ ಎಂದು ಹೊಟ್ಟೆ ಕಿವುಚುವುದು. ಮೊದಲು ಹೊಟ್ಟೆನೋವೆಂದರೆ ಮನೆಗೆ ಕಳಿಸುತ್ತಿದ್ದರು. ಆಮೇಲೆ ನಾಟಕವೆಂದು ನಿಲ್ಲಿಸಿದರು. ಒಂದು ದಿನ ಅಡ್ಡ ಬಂದವಳಿಗೆ ಹೊಡೆದಳು, ಬಾಗಿಲು ತೆರೆಯಿತು. ಹೊಡೆದರೆ ಅಮ್ಮನನ್ನು ನೋಡಬಹುದು ಎಂದು ಕಲಿಸಿಕೊಟ್ಟದ್ದು ಶಾಲೆಯೇ, ಶಿಕ್ಷೆಯೆಂದು ತಿಳಿದುಕೊಂಡು. ಹೇಳಬಾರದ ಗುಟ್ಟು ಇನ್ನೊಂದು ಸೌದೆ, ಅಪ್ಪನಿಲ್ಲದ್ದು ಮತ್ತೊಂದು. ಇಂಥ ಮಗುವನ್ನು ಹಾಸ್ಟೆಲಿಗೆ ಕಳಿಸುವುದೆಂದರೆ ಉರಿಯ ಮೇಲೆ ಸೀಮೆಎಣ್ಣೆ ಹೊಯ್ದಂತೆ. ಆ ಡಬ್ಬವನ್ನು ಶಾಲೆಯ ಕೈಗಿತ್ತವರು ಮೇಡಂ.

“ಇದು ಗೊತ್ತಾದ್ರೆ ಶಾಲೆಯವರು ಹಾಸ್ಟೆಲಿಗೆ ಕಳ್ಸಲ್ಲ,” ಎಂದರು ಮೇಡಂ.

“ಬರೀಬೇಡಿ. ಆ ಸಮಿತಿ ಅಧ್ಯಕ್ಷ ನಮ್ಮ ಬೀದಿಯವನು. ನಾಳೆ ನಲ್ಲಿ ಹತ್ರ ಇದೇ ಮಾತು. ಬರೆದ್ರೆ ನಾನು ಸತ್ತೇ ಹೋಗ್ತೀನಿ ಮೇಡಂ.”

ಮೇಡಂ ಪೆನ್ಸಿಲ್ ಕೆಳಗಿಟ್ಟರು. “ಇದು ಬಾಯಿಮಾತಿಗೆ ಅಂದಿದ್ದಾ, ಈಗ್ಲೂ ಮನಸ್ಸಲ್ಲಿದೆಯಾ?”

ತಾಯಿ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

“ಮನೇಲಿ ಮಾತ್ರೆ ಇದೆಯಾ ಈಗ?”

“ಇದೆ. ಒಂದು ಶೀಟು.”

ಆ ಗಂಟೆ ಬೇರೆ ಕೆಲಸವಾಗಲಿಲ್ಲ. ಮೇಡಂ ಅವಳ ಕೈ ಹಿಡಿದು ಮೂರನೇ ಮಹಡಿಯ ದೊಡ್ಡ ಡಾಕ್ಟರ ಹತ್ತಿರ ತಾವೇ ನಡೆಸಿಕೊಂಡು ಹೋದರು, ಸಾಲು ಮುರಿದರು, ಸಾಲಿನಲ್ಲಿದ್ದವರಿಂದ ಬೈಸಿಕೊಂಡರು. ಡಾಕ್ಟರು ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿಸಿದರು. ಸಾಯುವ ಯೋಚನೆ ಬಂದು ಹೋಗುತ್ತಿದೆ, ಈಗ ಲೆಕ್ಕಾಚಾರವಿಲ್ಲ, ಒಬ್ಬಳನ್ನೇ ಬಿಡಬೇಡಿ, ಔಷಧಿ ಶುರು ಮಾಡೋಣ, ಮೂರು ದಿನಕ್ಕೆ ಮತ್ತೆ ಬರಲಿ ಎಂದರು. ಅಜ್ಜಿಗೆ ಫೋನು ಹೋಯಿತು. ಅಜ್ಜಿ ಮಾತ್ರೆಯ ಶೀಟನ್ನು ತಂದು ಮೇಡಂ ಕೈಗೆ ಕೊಟ್ಟರು. ಹೊಸ ಔಷಧಿ ತಮ್ಮ ಅಂಗಡಿಯ ಬಟನ್ ಡಬ್ಬದಲ್ಲೇ ಇರಲಿ, ದಿನಕ್ಕೊಂದು ತಾವೇ ನುಂಗಿಸುತ್ತೇವೆ ಎಂದರು.

“ರಾತ್ರಿ ನಾನೂ ಅಲ್ಲೇ ಬಿದ್ಕೋತೀನಿ. ನನ್ನ ಗೊರಕೆಗೆ ಇವಳು ಹೇಗೂ ನಿದ್ದೆ ಮಾಡಲ್ಲ, ಸಾಯೋಕೆ ಎಲ್ಲಿ ಪುರುಸೊತ್ತು,” ಎಂದರು ಅಜ್ಜಿ. ಯಾರೂ ನಗಲಿಲ್ಲ. ಅಜ್ಜಿ ನಗಿಸಲು ಹೇಳಿದ್ದೂ ಅಲ್ಲ.

ಸಂಜೆ ತಾಯಿ ಮಗುವನ್ನು ಎದುರು ಕೂರಿಸಿಕೊಂಡು, ಮೇಡಂ ಪಕ್ಕದಲ್ಲಿರುವಾಗ ಹೇಳಿದಳು. ಅಮ್ಮನ ಮನಸ್ಸಿಗೆ ಕಾಯಿಲೆಯಾಗಿತ್ತು. ಅದು ನಿನ್ನಿಂದ ಆದದ್ದಲ್ಲ. ಪೊಲೀಸ್ ಬರುವುದಿಲ್ಲ, ಅದು ನಾನು ಹೇಳಿದ ಸುಳ್ಳು. ಈಗ ಡಾಕ್ಟರು, ಅಜ್ಜಿ ನೋಡಿಕೊಳ್ಳುತ್ತಾರೆ. ಕಾಯುವುದು ನಿನ್ನ ಕೆಲಸವಲ್ಲ. ಹುಡುಗಿ ಎಲ್ಲ ಕೇಳಿ, “ಡಾಕ್ಟ್ರು ರಾತ್ರಿ ಬರ್ತಾರಾ?” ಎಂದಳು. ಇಂಥ ಪ್ರಶ್ನೆಗೆ ಯಾವ ಮನೆಯಲ್ಲೂ ಜಾಗವಿಲ್ಲ.

ಗುರುವಾರದ ಸಮಿತಿಯಲ್ಲಿ ಹೆಡ್ ಮಾಸ್ತರು, ಪೇಪರ್ ಅಂಗಡಿ ಇಟ್ಟಿದ್ದ ಸಮಿತಿಯ ಅಧ್ಯಕ್ಷ, ಟೀಚರ್, ಅಂಗೈಗೆ ಬ್ಯಾಂಡೇಜು ಸುತ್ತಿಸಿಕೊಂಡ ಹುಡುಗಿಯ ಅಮ್ಮ ಇದ್ದರು. ಆಕೆಯ ಸಿಟ್ಟು ನ್ಯಾಯದ್ದೇ. ಪುಟ್ಟಿಯ ತಾಯಿ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದಳು. ಮೇಡಂ ಹೊಸ ಕಾಗದ ಇಟ್ಟರು. ತಾಯಿಗೆ ಪೂರ್ತಿ ಓದಿ ಹೇಳಿ, ಅವಳು ಒಪ್ಪಿದ್ದನ್ನಷ್ಟೇ ಉಳಿಸಿದ್ದು.

“ಮೂರನೇ ಮನೆ ಖಾಲಿ ಇದೆಯಲ್ಲ,” ಎಂದ ಅಧ್ಯಕ್ಷ.

“ನನಗೆ ಗೊತ್ತಿದೆ. ಹೇಳೋ ಹಕ್ಕಿಲ್ಲ.”

“ಹೋದ ಸಲ ತುಂಬಿತ್ತು. ಅಪ್ಪ ಬಿಟ್ಟುಹೋದ ಅಂತ ನೀವೇ ಬರೆದಿದ್ರಿ.”

“ತಪ್ಪು ಬರೆದಿದ್ದೆ.”

ಹೆಡ್ ಮಾಸ್ತರು ಕನ್ನಡಕ ತೆಗೆದರು. “ಆಸ್ಪತ್ರೆಯವರು ವಾರಕ್ಕೊಂದು ಬರೆದ್ರೆ ನಾವು ಯಾವುದನ್ನ ನಂಬೋದು ಮೇಡಂ?”

“ಎರಡನ್ನೂ ನಂಬಬೇಡಿ. ನಾಲ್ಕನೇ ಮನೆ ಓದಿ, ನಿಮ್ಮದೇ ಹಾಜರಿ ಪುಸ್ತಕ ಪಕ್ಕದಲ್ಲಿಟ್ಕೊಳ್ಳಿ. ಈ ಮಗೂಗೆ ಅಮ್ಮನ್ನ ಬಿಟ್ಟಿರೋಕೆ ಭಯ. ಹೊಡೆದಾಗೆಲ್ಲ ಮನೆಗೆ ಕಳಿಸಿದೀರಿ. ಹನ್ನೊಂದು ಸಲ. ಹಾಸ್ಟೆಲಿಗೆ ಕಳಿಸಿದ್ರೆ ಇವಳು ಅಲ್ಲಿಂದ ಬರೋಕೆ ಎಷ್ಟು ಜನಕ್ಕೆ ಹೊಡೀಬೇಕಾಗುತ್ತೋ ಯೋಚನೆ ಮಾಡಿ.”

“ಹಾಗಾದ್ರೆ ನನ್ನ ಮಗಳು ಚುಚ್ಚಿಸ್ಕೊಂಡು ಕೂತಿರ್ಬೇಕಾ?” ಎಂದಳು ಆ ಇನ್ನೊಬ್ಬ ಅಮ್ಮ.

“ಬೇಡಮ್ಮ. ಬೆಂಚು ಬೇರೆ ಮಾಡಿ, ಪೆನ್ಸಿಲ್ ಟೀಚರ್ ಹತ್ರ ಇರಲಿ. ಹೊಡೆದ್ರೆ ತರಗತಿಯಿಂದ ಹೊರಗೆ, ಆದ್ರೆ ಮನೆಗಲ್ಲ, ಆಫೀಸಿಗೆ. ದಿನಾ ಹನ್ನೊಂದು ಗಂಟೆಗೆ ಎರಡು ನಿಮಿಷ ಅಮ್ಮನ ಜೊತೆ ಫೋನು. ಹೊಡೆದ್ರೂ ಅಷ್ಟೇ, ಹೊಡೀದಿದ್ರೂ ಅಷ್ಟೇ. ಹೊಡೆಯೋದಕ್ಕೂ ಅಮ್ಮ ಸಿಗೋದಕ್ಕೂ ಇರೋ ಗಂಟು ಬಿಡಿಸ್ಬೇಕು. ಭಯ ಇಳಿದ ಹಾಗೆ ಫೋನೂ ಕಮ್ಮಿ ಮಾಡೋಣ. ಹೆದರಿಕೆ ಬಂದಾಗ ಏನು ಮಾಡ್ಬೇಕು ಅಂತ ವಾರಕ್ಕೊಂದು ದಿನ ನಾನು ಕಲಿಸ್ತೀನಿ.”

ಟೀಚರ್ ಅಷ್ಟು ಹೊತ್ತು ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ಎಣಿಸುತ್ತಿದ್ದರು. “ಹನ್ನೆರಡು,” ಎಂದರು. “ಒಂದು ಸಲದ್ದು ಬರೆಯೋದು ಮರೆತಿದ್ದೆ. ನಾನೇ ಕಳಿಸಿದ್ದು. ಆರು ವಾರ ಕೊಡಿ ಸಾರ್, ನನ್ನ ಕ್ಲಾಸಲ್ಲೇ ಇರಲಿ.”

ಆರು ವಾರ ಸಿಕ್ಕಿತು. ಇನ್ನೊಂದು ಸಲ ಯಾರ ಮೈಯಲ್ಲಾದರೂ ರಕ್ತ ಕಂಡರೆ ಮಾತಿಲ್ಲದೆ ವಸತಿ ಶಾಲೆ ಎಂಬ ಷರತ್ತನ್ನು ಅಧ್ಯಕ್ಷ ತಾನೇ ಬರೆದು ಸಹಿ ಹಾಕಿದ.

ಫೋನಿಗೆ ಫ್ಯಾಕ್ಟರಿಯವರು ಒಪ್ಪಬೇಕಿತ್ತು. ಮೂತ್ರಕ್ಕೆ ಹೋಗಲೂ ಟೋಕನ್ ಕೇಳುವ ಜಾಗ ಅದು. ಮೇಡಂ ಆಸ್ಪತ್ರೆಯ ಸೀಲು ಒತ್ತಿದ ಚೀಟಿ ಹಿಡಿದು ಗೇಟಿನಲ್ಲಿ ಎರಡು ಗಂಟೆ ನಿಂತರು. ಸೂಪರ್‌ವೈಸರ್ ಕೊನೆಗೆ ಎರಡು ನಿಮಿಷ ಕೊಟ್ಟ, ಅದಕ್ಕೆ ಸಂಜೆ ಹತ್ತು ನಿಮಿಷ ಹೆಚ್ಚು ಕೆಲಸ ಎಂದ.

ಐದು ದಿನ ನಡೆಯಿತು. ಹುಡುಗಿ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಅಮ್ಮ ಮಾತಾಡುವುದನ್ನು, ಹಿಂದಿನಿಂದ ಬರುವ ಮೆಷಿನ್ನಿನ ಸದ್ದನ್ನು ಕೇಳಿಸಿಕೊಂಡು ಕೊಟ್ಟುಬಿಡುತ್ತಿದ್ದಳು. ಎರಡು ಸಲ ಹೊಡೆದಳು, ಮನೆಗೆ ಕಳಿಸಲಿಲ್ಲ, ಆಫೀಸಿನಲ್ಲಿ ಗಂಟಲು ಹರಿಯುವ ಹಾಗೆ ಕಿರುಚಿದಳು. ಮೊದಮೊದಲು ಹೆಚ್ಚಾಗುತ್ತದೆ, ಜಗ್ಗಬೇಡಿ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು.

ಆರನೇ ದಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಬದಲಾಗಿದ್ದ. ಹೊಸಬ ಬೆಳಗ್ಗೆಯೇ ಎಲ್ಲರ ಫೋನು ಕಸಿದು ಡ್ರಾಯರಿಗೆ ಹಾಕಿದ್ದ. ಹನ್ನೊಂದಕ್ಕೆ ಶಾಲೆಯಿಂದ ಫೋನು ಹೋಯಿತು. ಬಡಿದುಕೊಂಡು ನಿಂತಿತು. ಮತ್ತೆ ಹೋಯಿತು. ಮೂರನೇ ಸಲಕ್ಕೆ ಟೀಚರ್ ಆಸ್ಪತ್ರೆಗೆ ಮಾಡಿದರು.

“ಎತ್ತುತ್ತಿಲ್ಲ ಮೇಡಂ.”

ಮೇಡಂ ಎದುರಿಗಿದ್ದ ಬೇರೊಂದು ಮಗುವನ್ನು ಆಯಾಗೆ ಒಪ್ಪಿಸಿ ಫ್ಯಾಕ್ಟರಿಯ ಆಫೀಸಿಗೆ ಫೋನು ಹಚ್ಚಿದರು. ಗುಮಾಸ್ತ, ಆಮೇಲೆ ಇನ್ನೊಬ್ಬ ಗುಮಾಸ್ತ, ಆಮೇಲೆ ಕಾಯಿಸುವ ಸಂಗೀತ. ಡ್ರಾಯರಿನಲ್ಲಿ ಫೋನಿದೆಯೋ, ಹೆಂಗಸು ಕೆಲಸಕ್ಕೇ ಬಂದಿಲ್ಲವೋ ಎಂಬುದು ಮೇಡಂಗೂ ಗೊತ್ತಿರಲಿಲ್ಲ. ಹನ್ನೊಂದೂ ಇಪ್ಪತ್ತೈದಕ್ಕೆ ತಾಯಿ ಆಫೀಸಿನ ಫೋನಿನಿಂದ ಶಾಲೆಗೆ ಮಾತಾಡಿದಳು.

ಮಧ್ಯಾಹ್ನ ಟೀಚರ್ ಆಸ್ಪತ್ರೆಗೆ ಬಂದರು. ಸೆಖೆಯ ದಿನ. ರವಿಕೆಯ ತೋಳು ಗಿಡ್ಡ, ಮಣಿಕಟ್ಟಿಗೆ ಕರ್ಚೀಫು ಸುತ್ತಿ, ಅದರ ಮೇಲೆ ಬಳೆ ಏರಿಸಿದ್ದರು.

“ಇಪ್ಪತ್ತೈದು ನಿಮಿಷ ಹಿಡ್ಕೊಂಡು ಕೂತಿದ್ದೆ. ‘ಅಮ್ಮ ಎದ್ದಿಲ್ಲ, ಅಮ್ಮ ಎದ್ದಿಲ್ಲ’ ಅಂತಿತ್ತು ಮಗು. ಮೂರನೇ ಮನೇಲಿ ಏನಿದೆ ಅಂತ ನೀವು ಹೇಳೋದೇನೂ ಬೇಡ.”

“ಎಲ್ಲಿ, ತೋರ್ಸಿ. ರಕ್ತ ಬಂತಾ?”

“ಬಂತು.” ಟೀಚರ್ ಕರ್ಚೀಫು ಬಿಚ್ಚಿದರು. ಹಲ್ಲಿನ ಗುರುತು ಒಂದೊಂದೂ ಎಣಿಸುವಷ್ಟು ಆಳವಾಗಿತ್ತು. “ಆಫೀಸಲ್ಲಿ ಕೇಳಿದ್ರು. ಕಿಟಕಿ ಕೊಂಡಿ ತರಚಿತು ಅಂದೆ.”

ಆಯಾ ಗಾಯ ತೊಳೆದಳು. ಮೇಡಂ ಪುಟ್ಟಿಯ ಎಕ್ಸ್‌ರೇ ಕವರು ಹೊರತೆಗೆದು ಐದನೇ ಮನೆಯ, ಆಸರೆಯ ಮನೆಯ ಮೇಲೆ ಪೆನ್ಸಿಲ್ ಇಟ್ಟರು.

“ನನ್ನ ಹೆಸರು ಬರೀಬೇಡಿ,” ಎಂದರು ಟೀಚರ್. “ವರದಿ ಹೋದ್ರೆ ಹೆಡ್ ಮಾಸ್ಟ್ರು ಓದ್ತಾರೆ.”

ಇನ್ನೂ ಐದು ವಾರವಿತ್ತು.